1440 ಸುತ್ತು ಎಂದರೆ ಎಷ್ಟು ರೇಡಿಯನ್?

ಪ್ರಥಮ ಪಿಯುಸಿಯ ಭೌತಶಾಸ್ತ್ರ ಪಠ್ಯದಲ್ಲಿ, ತಿರುಗುವ ಕಾಯಗಳ ಅಧ್ಯಾಯದಲ್ಲಿ, ಮೋಟಾರಿನ ಲೆಕ್ಕವೊಂದಿದೆ. ಮೋಟಾರಿನ ಚಕ್ರವೊಂದು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದೆ. ಅದರ ವೇಗ ಒಂದೇ ಸಮನೆ ಏರುತ್ತಾ 16 ಸೆಕೆಂಡಿನಲ್ಲಿ ನಿಮಿಷಕ್ಕೆ 3120 ಸುತ್ತಿಗೆ ಮುಟ್ಟುತ್ತದೆ. ಚಕ್ರದ ಕೋನೀಯ ವೇಗೋತ್ಕರ್ಷ ಎಷ್ಟು, ಆ 16 ಸೆಕೆಂಡಿನಲ್ಲಿ ಅದು ಎಷ್ಟು ಸುತ್ತು ಹಾಕಿತು ಎಂಬುದು ಪ್ರಶ್ನೆ. ಪಿಯುಸಿ ಓದಿದವರಲ್ಲಿ ಬಹಳ ಮಂದಿ ಈ ಲೆಕ್ಕವನ್ನೋ ಇದರ ಅಣ್ಣತಮ್ಮಂದಿರನ್ನೋ ಒಮ್ಮೆಯಾದರೂ ಬಿಡಿಸಿರುತ್ತಾರೆ.

ತರಗತಿಯಲ್ಲಿ ಕಲಿಸುವ ಕ್ರಮ ಹೀಗಿದೆ. ಮೊದಲು ಸುತ್ತುಗಳನ್ನು ರೇಡಿಯನ್ನಿಗೆ ತರಬೇಕು. 1200 ಅನ್ನು 2π ಇಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 40π ರೇಡಿಯನ್. 3120ಕ್ಕೆ ಹೀಗೆಯೇ ಮಾಡಿದರೆ 104π. ವೇಗ 64π ಏರಿದೆ, ಅದಕ್ಕೆ 16 ಸೆಕೆಂಡು ಹಿಡಿದಿದೆ. ಹಾಗಾದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 4π ರೇಡಿಯನ್. ತಿರುಗಿದ ಒಟ್ಟು ಕೋನಕ್ಕೆ ಸೂತ್ರ ಹಾಕಿದರೆ 640π ಮತ್ತು 512π ಸೇರಿ 1152π ರೇಡಿಯನ್ ಬರುತ್ತದೆ. ಅದನ್ನು 2π ಇಂದ ಭಾಗಿಸಿದರೆ 576 ಸುತ್ತು.

ಉತ್ತರ ಸರಿಯಾಗಿದೆ. ಆದರೆ ಎರಡನೆಯ ಭಾಗವನ್ನು ಮತ್ತೊಮ್ಮೆ ನೋಡಿ. ಕೊಟ್ಟದ್ದು ಸುತ್ತಿನಲ್ಲಿ, ಕೇಳಿದ್ದೂ ಸುತ್ತಿನಲ್ಲಿ. ನಡುವೆ ನಾವು 2π ಇಂದ ಗುಣಿಸಿದೆವು, ಕೊನೆಯಲ್ಲಿ ಅದೇ 2π ಇಂದ ಭಾಗಿಸಿದೆವು. ಅಷ್ಟು ಸುತ್ತಿ ಬರುವ ಅಗತ್ಯವೇ ಇರಲಿಲ್ಲ. ವೇಗ ಒಂದೇ ಸಮನೆ ಏರಿದ್ದರಿಂದ ಸರಾಸರಿ ವೇಗ 1200 ಮತ್ತು 3120ರ ನಟ್ಟನಡುವೆ, ಅಂದರೆ ನಿಮಿಷಕ್ಕೆ 2160 ಸುತ್ತು. ಸೆಕೆಂಡಿಗೆ 36 ಸುತ್ತು ಆಯಿತು. 16 ಸೆಕೆಂಡಿಗೆ 576 ಸುತ್ತು. ರೇಡಿಯನ್ನಿನ ಹೆಸರನ್ನೇ ಎತ್ತದೆ ಒಂದು ಸಾಲಿನಲ್ಲಿ ಲೆಕ್ಕ ಮುಗಿಯಿತು.

ಚುರುಕಾದ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ: ಹಾಗಾದರೆ ರೇಡಿಯನ್ನಿಗೆ ಬದಲಿಸುವುದಾದರೂ ಯಾಕೆ? ಅವನ ಪ್ರಶ್ನೆ ನ್ಯಾಯವಾದದ್ದು. "ಸೂತ್ರದಲ್ಲಿ ಹಾಗಿದೆ, ಎಸ್‌ಐ ಮಾನ ಅದು" ಎಂದು ಹೇಳಿ ಅವನನ್ನು ಕೂರಿಸಿಬಿಡುವುದು ನ್ಯಾಯವಲ್ಲ. ಈ ಬದಲಾವಣೆ ಕೆಲವು ಕಡೆ ಬರೀ ಶಿಷ್ಟಾಚಾರ, ಕೆಲವು ಕಡೆ ಅದಿಲ್ಲದೆ ಹೋದರೆ ಉತ್ತರವೇ ಸುಳ್ಳು. ಯಾವ ಕಡೆ ಏನು ಎಂದು ತಿಳಿದರೆ ಮಾತ್ರ ಲೆಕ್ಕ ನಿಜವಾಗಿ ಅರ್ಥವಾದಂತೆ.

ವ್ಯತ್ಯಾಸ ಇರುವುದು ಇಲ್ಲಿ. ತಿರುಗುವಿಕೆಯನ್ನು ತಿರುಗುವಿಕೆಯೊಂದಿಗೇ ಹೋಲಿಸುತ್ತಿರುವಷ್ಟು ಹೊತ್ತು, ಅಂದರೆ ಎಷ್ಟು ವೇಗ, ಎಷ್ಟು ಹೊತ್ತು, ಎಷ್ಟು ಸುತ್ತು ಎಂದು ಕೇಳುತ್ತಿರುವಷ್ಟು ಹೊತ್ತು, ಯಾವ ಮಾನವಾದರೂ ನಡೆಯುತ್ತದೆ. ಸುತ್ತು, ಡಿಗ್ರಿ, ರೇಡಿಯನ್ ಮೂರೂ ಸಮ. ಮೊದಲಿಂದ ಕೊನೆಯವರೆಗೆ ಒಂದನ್ನೇ ಹಿಡಿದಿದ್ದರೆ ಸಾಕು. ಆದರೆ ಆ ತಿರುಗುವಿಕೆ ಉದ್ದಕ್ಕೆ, ಬಲಕ್ಕೆ, ಶಕ್ತಿಗೆ ತಾಗಿದ ಕ್ಷಣ ಆಟ ಬದಲಾಗುತ್ತದೆ. ಬೆಲ್ಟು ಎಷ್ಟು ವೇಗವಾಗಿ ಓಡುತ್ತದೆ, ಶಾಫ್ಟು ಎಷ್ಟು ಜೋರಾಗಿ ತಿರುಚುತ್ತದೆ, ಚಕ್ರದಲ್ಲಿ ಎಷ್ಟು ಚಲನಶಕ್ತಿ ಕೂಡಿದೆ ಎಂದು ಕೇಳಿದರೆ ರೇಡಿಯನ್ ಬೇಕೇ ಬೇಕು.

ಕಾರಣವನ್ನು ಕೈಯಿಂದಲೇ ಮುಟ್ಟಿ ನೋಡಬಹುದು. ಒಂದು ಪುಲ್ಲಿ ತೆಗೆದುಕೊಳ್ಳಿ. ನಡುವಿನಿಂದ ಅಂಚಿನವರೆಗೆ ಒಂದು ದಾರ ಹಿಡಿದು, ತ್ರಿಜ್ಯದ ಉದ್ದಕ್ಕೆ ಸರಿಯಾಗಿ ಕತ್ತರಿಸಿ. ಆ ದಾರವನ್ನು ಪುಲ್ಲಿಯ ಅಂಚಿನ ಮೇಲೆ ಬಾಗಿಸಿ ಅಂಟಿಸಿ. ದಾರದ ಎರಡು ತುದಿಗಳಿಂದ ನಡುವಿಗೆ ಎರಡು ಗೆರೆ ಎಳೆದರೆ, ಆ ಗೆರೆಗಳ ನಡುವಿನ ಕೋನವೇ ಒಂದು ರೇಡಿಯನ್. ಪುಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ಕೋನ ಅಷ್ಟೇ. ಡಿಗ್ರಿಯಲ್ಲಿ ಸುಮಾರು 57.3. ಅದೇ ಉದ್ದದ ದಾರಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರೆ ಆರು ದಾರ ಕೂತು ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಒಟ್ಟು 6.283 ದಾರ. ಅದೇ 2π.

ಹೀಗೆ ಅಳೆದಾಗ ಒಂದು ಅನುಕೂಲ ತಾನಾಗಿ ಒದಗುತ್ತದೆ. ಪುಲ್ಲಿ ಒಂದು ರೇಡಿಯನ್ ತಿರುಗಿದರೆ ಅದರ ಅಂಚಿನ ಚುಕ್ಕೆ ಒಂದು ತ್ರಿಜ್ಯದಷ್ಟು ದೂರ ಸಾಗಿರುತ್ತದೆ. ಮೂರು ರೇಡಿಯನ್ ತಿರುಗಿದರೆ ಮೂರು ತ್ರಿಜ್ಯ. ಹಾಗಾಗಿ ಸಾಗಿದ ದೂರ ಎಂದರೆ ತ್ರಿಜ್ಯ ಗುಣಿಸು ಕೋನ, s = rθ. ವೇಗ ಎಂದರೆ ತ್ರಿಜ್ಯ ಗುಣಿಸು ಕೋನೀಯ ವೇಗ, v = rω. ಈ ಎರಡು ಸೂತ್ರಗಳಲ್ಲಿ ಬೇರೆ ಯಾವ ಸಂಖ್ಯೆಯೂ ನುಸುಳಿಲ್ಲ. ಕೋನವನ್ನು ಸುತ್ತಿನಲ್ಲಿ ಅಳೆದಿದ್ದರೆ ದೂರಕ್ಕೆ 2πr ಎಂದು ಬರೆಯಬೇಕಾಗುತ್ತಿತ್ತು. ಡಿಗ್ರಿಯಲ್ಲಿ ಅಳೆದಿದ್ದರೆ π/180 ಎಂಬ ಬಾಲವೊಂದು ಎಲ್ಲ ಕಡೆ ಅಂಟಿಕೊಳ್ಳುತ್ತಿತ್ತು. ಪುಸ್ತಕದಲ್ಲಿರುವ v = rω, P = τω, ½Iω² ಎಲ್ಲವೂ ಕೋನ ರೇಡಿಯನ್ನಿನಲ್ಲಿದೆ ಎಂದು ಒಪ್ಪಿಕೊಂಡೇ ಬರೆದ ಸೂತ್ರಗಳು. ಅವುಗಳೊಳಗೆ ಸುತ್ತಿನ ಸಂಖ್ಯೆಯನ್ನು ಹಾಕಿದರೆ ಆ ಒಪ್ಪಂದ ಮುರಿಯುತ್ತದೆ.

ತ್ರಿಜ್ಯವನ್ನೂ ಅಂಚಿನ ಕಂಸವನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಯೋಚನೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಕ್ರಿ.ಶ. 499ರ ಹೊತ್ತಿನ ಆರ್ಯಭಟೀಯದ ಜ್ಯಾ ಕೋಷ್ಟಕದಲ್ಲಿ ವೃತ್ತದ ಪರಿಧಿ 21,600 ಕಲೆಗಳು, ತ್ರಿಜ್ಯ 3438 ಕಲೆಗಳು. 21,600ನ್ನು 2π ಇಂದ ಭಾಗಿಸಿ ನೋಡಿ, 3437.7 ಬರುತ್ತದೆ. ಅಂದರೆ ಆರ್ಯಭಟ ತ್ರಿಜ್ಯಕ್ಕೆ ಹಿಡಿದ ಆ 3438 ಕಲೆ, ಇವತ್ತು ನಾವು ಒಂದು ರೇಡಿಯನ್ ಎನ್ನುವ ಕೋನವೇ. ರೇಡಿಯನ್ ಎಂಬ ಹೆಸರು ಮಾತ್ರ ತೀರ ಈಚಿನದು. 1873ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪರೀಕ್ಷೆಯ ಪ್ರಶ್ನೆಗಳಲ್ಲಿ ಅದು ಮೊದಲು ಅಚ್ಚಾಯಿತು. ಆತ ಲಾರ್ಡ್ ಕೆಲ್ವಿನ್‌ನ ಅಣ್ಣ.

ಈಗ ಬದಲಿಸುವ ಕೆಲಸಕ್ಕೆ ಬರೋಣ. ನಿಮಿಷಕ್ಕೆ N ಸುತ್ತು ಎಂದು ಕೊಟ್ಟಿದ್ದರೆ

ω = 2πN / 60

ಇದನ್ನು ಒಂದೇ ಏಟಿಗೆ ಬಾಯಿಪಾಠ ಮಾಡುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಇದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಳಿವೆ. ಒಂದು, ನಿಮಿಷದಿಂದ ಸೆಕೆಂಡಿಗೆ ಬರುವುದು. ಒಂದು ನಿಮಿಷದಲ್ಲಿ ಅಷ್ಟು ಸುತ್ತಾದರೆ ಒಂದು ಸೆಕೆಂಡಿನಲ್ಲಿ ಅದರ ಅರವತ್ತರಲ್ಲಿ ಒಂದು ಪಾಲು, ಆದ್ದರಿಂದ ಸಂಖ್ಯೆ ಚಿಕ್ಕದಾಗಬೇಕು. ಇನ್ನೊಂದು, ಸುತ್ತಿನಿಂದ ರೇಡಿಯನ್ನಿಗೆ ಬರುವುದು. ಒಂದೊಂದು ಸುತ್ತಿನಲ್ಲೂ 6.283 ರೇಡಿಯನ್ ಇವೆ, ಆದ್ದರಿಂದ ಸಂಖ್ಯೆ ದೊಡ್ಡದಾಗಬೇಕು. ಅರವತ್ತು ಭಾಗಿಸುತ್ತದೆ, ಆರು ಚಿಲ್ಲರೆ ಗುಣಿಸುತ್ತದೆ. ಎರಡೂ ಸೇರಿದರೆ ಸಂಖ್ಯೆ ಸುಮಾರು ಹತ್ತರಲ್ಲಿ ಒಂದಾಗುತ್ತದೆ, ನಿಖರವಾಗಿ 0.1047 ಪಟ್ಟು.

ಈ "ಹತ್ತರಲ್ಲಿ ಒಂದು" ಎಂಬುದು ಒಳ್ಳೆಯ ಕಾವಲುಗಾರ. 1440ಕ್ಕೆ ಕೊನೆಯ ಸೊನ್ನೆ ತೆಗೆದರೆ 144. ಅದಕ್ಕೆ ನೂರಕ್ಕೆ ಐದರಷ್ಟು, ಅಂದರೆ ಏಳು ಚಿಲ್ಲರೆ, ಸೇರಿಸಿದರೆ 151. ಕ್ಯಾಲ್ಕ್ಯುಲೇಟರ್ ಕೊಡುವ ಉತ್ತರ 150.8. ಬಾಯಿಲೆಕ್ಕಕ್ಕೆ ಇದಕ್ಕಿಂತ ಹತ್ತಿರ ಬೇಕಾಗಿಲ್ಲ. ನಿಮ್ಮ ಉತ್ತರ 24 ಎಂದು ಬಂದಿದ್ದರೆ 2π ಬಿಟ್ಟುಹೋಗಿದೆ. 9048 ಎಂದು ಬಂದಿದ್ದರೆ 60 ಬಿಟ್ಟುಹೋಗಿದೆ. 13,751 ಎಂದು ಬಂದಿದ್ದರೆ ಎರಡನ್ನೂ ಹಾಕಿದ್ದೀರಿ, ಆದರೆ ಒಂದನ್ನೊಂದು ತಲೆಕೆಳಗು ಮಾಡಿದ್ದೀರಿ.

ಇಷ್ಟು ಹೇಳಿ ನಿಜವಾದ ಮೋಟಾರಿನ ಹತ್ತಿರ ಹೋಗೋಣ. ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ ಹತ್ತು ಎಚ್‌ಪಿಯ ಮೂರು ಫೇಸ್ ಮೋಟಾರು ಸಾಮಾನ್ಯ. ರಾಗಿ ಬೀಸುವ ಕಲ್ಲಿಗೆ ಬೆಲ್ಟು ಹಾಕಿ ನಿಂತಿರುತ್ತದೆ. ಅದರ ಮೈಮೇಲೆ ರಿವೆಟ್ ಹೊಡೆದ ಒಂದು ಸಣ್ಣ ತಗಡು, ನೇಮ್‌ಪ್ಲೇಟು. ಹಿಟ್ಟಿನ ಧೂಳು ಒರೆಸಿ ಓದಿದರೆ 7.5 ಕಿಲೋವ್ಯಾಟ್, 10 ಎಚ್‌ಪಿ, 415 ವೋಲ್ಟ್, 50 ಹರ್ಟ್ಸ್, 1440 ಆರ್‌ಪಿಎಂ ಎಂಬ ಬಗೆಯ ಬರಹ ಕಾಣುತ್ತದೆ. ಈ ಶಾಫ್ಟು ಎಷ್ಟು ಟಾರ್ಕಿನಿಂದ, ಅಂದರೆ ಎಷ್ಟು ತಿರುಚುಬಲದಿಂದ, ಕಲ್ಲನ್ನು ತಿರುಗಿಸುತ್ತದೆ ಎಂದು ತಗಡಿನ ಮೇಲೆ ಬರೆದಿರುವುದಿಲ್ಲ. ಅದನ್ನು ನಾವು ಕಂಡುಹಿಡಿಯಬೇಕು.

ಮೊದಲು ಒಂದು ಎಚ್ಚರಿಕೆ. ಮೋಟಾರಿನ ನೇಮ್‌ಪ್ಲೇಟಿನಲ್ಲಿರುವ 7.5 ಕಿಲೋವ್ಯಾಟ್ ಎಂಬುದು ಶಾಫ್ಟಿನಲ್ಲಿ ಸಿಗುವ ಸಾಮರ್ಥ್ಯ. ಲೈನಿನಿಂದ ಅದು ಎಳೆಯುವ ವಿದ್ಯುತ್ತು ಅದಕ್ಕಿಂತ ಹೆಚ್ಚು, ಏಕೆಂದರೆ ಸ್ವಲ್ಪ ಪಾಲು ತಾಮ್ರದ ಸುರುಳಿಯಲ್ಲೂ ಕಬ್ಬಿಣದಲ್ಲೂ ಬಿಸಿಯಾಗಿ ಹೋಗುತ್ತದೆ. ಟಾರ್ಕಿಗೆ ಬೇಕಾದದ್ದು ಶಾಫ್ಟಿನ ಸಾಮರ್ಥ್ಯವೇ, ಹಾಗಾಗಿ ತಗಡಿನ ಸಂಖ್ಯೆಯನ್ನು ನೇರ ಬಳಸಬಹುದು.

ಬಲವೊಂದು ಪುಲ್ಲಿಯ ಅಂಚನ್ನು ತಳ್ಳುತ್ತಾ ಹೋದರೆ ಆದ ಕೆಲಸ ಎಷ್ಟು? ಬಲ ಗುಣಿಸು ಸಾಗಿದ ದೂರ. ಸಾಗಿದ ದೂರ ತ್ರಿಜ್ಯ ಗುಣಿಸು ಕೋನ. ಬಲ ಮತ್ತು ತ್ರಿಜ್ಯವನ್ನು ಗುಣಿಸಿದರೆ ಅದೇ ಟಾರ್ಕು. ಹಾಗಾಗಿ ಕೆಲಸ ಎಂದರೆ ಟಾರ್ಕು ಗುಣಿಸು ಕೋನ; ಒಂದು ಸೆಕೆಂಡಿನಲ್ಲಿ ಆದ ಕೆಲಸ, ಅಂದರೆ ಸಾಮರ್ಥ್ಯ, ಟಾರ್ಕು ಗುಣಿಸು ಕೋನೀಯ ವೇಗ. ಈ ಸರಪಳಿಯ ನಡುವಿನ ಕೊಂಡಿ, ದೂರ ಎಂದರೆ ತ್ರಿಜ್ಯ ಗುಣಿಸು ಕೋನ ಎಂಬುದು, ರೇಡಿಯನ್ನಿನಲ್ಲಿ ಮಾತ್ರ ನಿಲ್ಲುತ್ತದೆ. ದಾರ ಕತ್ತರಿಸಿ ಅಂಟಿಸಿ ನೋಡಿದ್ದು ಇದನ್ನೇ. ಆ ಕೊಂಡಿ ಕಳಚಿದರೆ ಇಡೀ ಸರಪಳಿ ಕಳಚುತ್ತದೆ.

ಲೆಕ್ಕ ಹೀಗಾಗುತ್ತದೆ.

ω = 2π × 1440 / 60 = 150.8 rad/s

τ = P / ω = 7500 / 150.8 = 49.7 N·m

ಗಮನಿಸಿ, ಕಿಲೋವ್ಯಾಟನ್ನು ವ್ಯಾಟಿಗೆ ತಂದಿದ್ದೇವೆ, 7.5 ಅಲ್ಲ, 7500. ಇನ್ನು, ಭಾಗಿಸುವಾಗ ರೇಡಿಯನ್ ಎಂಬ ಮಾನ ಎಲ್ಲಿ ಹೋಯಿತು ಎಂದು ಕೆಲವರು ತಡವರಿಸುತ್ತಾರೆ. ರೇಡಿಯನ್ ಎಂದರೆ ಕಂಸದ ಉದ್ದವನ್ನು ತ್ರಿಜ್ಯದ ಉದ್ದದಿಂದ ಭಾಗಿಸಿದ್ದು. ಮೀಟರನ್ನು ಮೀಟರಿನಿಂದ ಭಾಗಿಸಿದರೆ ಉಳಿಯುವುದು ಬರೀ ಸಂಖ್ಯೆ. ಹಾಗಾಗಿ ಅದನ್ನು ಬರೆಯಲೂಬಹುದು, ಬಿಡಲೂಬಹುದು. ಸುತ್ತಿಗೂ ಆಯಾಮ ಇಲ್ಲ, ಡಿಗ್ರಿಗೂ ಇಲ್ಲ. ಆದ್ದರಿಂದಲೇ ಈ ಲೆಕ್ಕಗಳಲ್ಲಿ ಆಯಾಮ ತಾಳೆ ನೋಡುವ ನಮ್ಮ ಹಳೆಯ ಉಪಾಯ ಕೈಕೊಡುತ್ತದೆ. 2π ಬಿಟ್ಟುಬಿಟ್ಟರೂ ಎರಡೂ ಕಡೆಯ ಮಾನಗಳು ಚೆನ್ನಾಗಿ ಹೊಂದಿಕೊಂಡಿರುತ್ತವೆ, ಎಲ್ಲಿಯೂ ಅನುಮಾನ ಬರುವುದಿಲ್ಲ. ತಪ್ಪನ್ನು ಹಿಡಿಯಲು ಬೇರೆ ದಾರಿ ಬೇಕು.

ಆ ದಾರಿ ಪುಲ್ಲಿಯಲ್ಲೇ ಇದೆ. ಮೋಟಾರಿನ ಪುಲ್ಲಿಯ ವ್ಯಾಸ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ತ್ರಿಜ್ಯ 10 ಸೆಂಟಿಮೀಟರ್. 49.7 ನ್ಯೂಟನ್ ಮೀಟರಿನ ಟಾರ್ಕು ಆ ಅಂಚಿನಲ್ಲಿ 497 ನ್ಯೂಟನ್ ಬಲವಾಗುತ್ತದೆ. ಬೆಲ್ಟಿನ ಬಿಗಿಯಾದ ಮಗ್ಗುಲಿನ ಎಳೆತಕ್ಕೂ ಸಡಿಲ ಮಗ್ಗುಲಿನ ಎಳೆತಕ್ಕೂ ಇರುವ ವ್ಯತ್ಯಾಸ ಅದು. ಸುಮಾರು 50 ಕಿಲೋ ಭಾರ, ಒಂದು ಸಿಮೆಂಟು ಮೂಟೆಯನ್ನು ನೇತುಹಾಕಿದಷ್ಟು. ಹತ್ತು ಎಚ್‌ಪಿ ಮೋಟಾರಿಗೆ ಇದು ಒಪ್ಪುವ ಮಾತು.

ಈಗ 1440ನ್ನು ಬದಲಿಸದೆ ಹಾಗೇ ಹಾಕಿದವರ ಉತ್ತರ ನೋಡಿ: 7500 ಭಾಗಿಸು 1440, ಅಂದರೆ 5.2 ನ್ಯೂಟನ್ ಮೀಟರ್. ಅಂಚಿನಲ್ಲಿ 52 ನ್ಯೂಟನ್, ಬರೀ ಐದು ಕಿಲೋ ಭಾರದಷ್ಟು ಎಳೆತ. ಅಷ್ಟೇ ಆಗಿದ್ದರೆ ಗಿರಣಿಗೆ ಒಂದು ಸೇರು ರಾಗಿ ಸುರಿದ ತಕ್ಷಣ ಕಲ್ಲು ನಿಂತುಬಿಡುತ್ತಿತ್ತು. 60ರಿಂದ ಭಾಗಿಸಿ 2π ಮರೆತವರಿಗೆ ಬರುವುದು 7500 ಭಾಗಿಸು 24, ಅಂದರೆ 312.5 ನ್ಯೂಟನ್ ಮೀಟರ್. ಅಂಚಿನಲ್ಲಿ 3125 ನ್ಯೂಟನ್, ಸುಮಾರು 320 ಕಿಲೋ ಭಾರ. ಅಂಥ ಎಳೆತಕ್ಕೆ ಗಿರಣಿಯ ಬೆಲ್ಟು ಜಾರುತ್ತದೆ, ಇಲ್ಲವೇ ಹರಿಯುತ್ತದೆ. ಮೂರು ಉತ್ತರಗಳಲ್ಲಿ ಯಾವುದು ನಂಬುವಂಥದ್ದು ಎಂದು ತಿಳಿಯಲು ಭೌತಶಾಸ್ತ್ರದ ಪದವಿ ಬೇಡ, ಒಮ್ಮೆ ಗಿರಣಿಯ ಮುಂದೆ ನಿಂತಿದ್ದರೆ ಸಾಕು.

ಆದರೆ ಇನ್ನೊಂದು ತಪ್ಪಿದೆ, ಅದು ಹೀಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಅದು ಜಾಣ ವಿದ್ಯಾರ್ಥಿಗಳೇ ಮಾಡುವ ತಪ್ಪು. ತಗಡಿನ ಮೇಲೆ 50 ಹರ್ಟ್ಸ್ ಎಂದು ಓದುತ್ತಾರೆ. ω ಎಂದರೆ 2πf ಎಂದು ಎಸಿ ಸರ್ಕ್ಯೂಟಿನ ಪಾಠದಲ್ಲಿ ಓದಿದ್ದು ನೆನಪಿರುತ್ತದೆ. 2π ಗುಣಿಸು 50, 314 ರೇಡಿಯನ್. ಇದನ್ನೇ ಮೋಟಾರಿನ ವೇಗ ಎಂದು ಹಾಕಿಬಿಡುತ್ತಾರೆ. ಟಾರ್ಕು 23.9 ಬರುತ್ತದೆ. ಅಂಚಿನಲ್ಲಿ 24 ಕಿಲೋದಷ್ಟು ಎಳೆತ. ಇದೂ ಹೌದೇನೋ ಅನ್ನಿಸುವ ಸಂಖ್ಯೆ! ಅಸಂಬದ್ಧವಾಗಿ ಕಾಣುವುದಿಲ್ಲ, ಆದ್ದರಿಂದ ತಿದ್ದುಪಡಿಯಾಗದೆ ಉಳಿದುಬಿಡುತ್ತದೆ.

ತಪ್ಪು ಎಲ್ಲಿದೆ ಎಂದು ತಿಳಿಯಲು 1440 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಬೇಕು. 314 ಎಂಬುದು ಲೈನಿನ ವಿದ್ಯುತ್ತು ಹಿಂದೆ ಮುಂದೆ ತೂಗುವ ಲಯ. ಮೋಟಾರಿನ ಹೊರಭಾಗದಲ್ಲಿ, ಸ್ಟೇಟರಿನಲ್ಲಿ, ಸುರುಳಿಗಳನ್ನು ಸುತ್ತಿರುವ ರೀತಿಯಿಂದ ಒಂದು ಕಾಂತಕ್ಷೇತ್ರ ತಿರುಗುತ್ತಿರುತ್ತದೆ. ಅದರಲ್ಲಿ ಎರಡೇ ಧ್ರುವಗಳಿದ್ದರೆ, ಒಂದು ಉತ್ತರ ಒಂದು ದಕ್ಷಿಣ, ಲೈನಿನ ಒಂದು ಆವರ್ತಕ್ಕೆ ಕ್ಷೇತ್ರ ಒಂದು ಪೂರ್ತಿ ಸುತ್ತು ಹಾಕುತ್ತದೆ. ನಿಮಿಷಕ್ಕೆ 3000 ಸುತ್ತು. ನಮ್ಮ ಗಿರಣಿಯ ಮೋಟಾರಿನಲ್ಲಿ ನಾಲ್ಕು ಧ್ರುವಗಳಿವೆ. ಆಗ ಒಂದು ಆವರ್ತಕ್ಕೆ ಕ್ಷೇತ್ರ ಅರ್ಧ ಸುತ್ತು ಮಾತ್ರ ತಿರುಗುತ್ತದೆ. ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 157 ರೇಡಿಯನ್. 314ರ ಸರಿಯರ್ಧ.

ರೋಟರು ಆ 1500ನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಕೆಲಸವೇ ನಡೆಯದು. ಕ್ಷೇತ್ರ ಮುಂದೆ ಹೋಗುತ್ತಾ ರೋಟರು ಸ್ವಲ್ಪ ಹಿಂದೆ ಉಳಿದರೆ ಮಾತ್ರ ರೋಟರಿನ ಸರಳುಗಳನ್ನು ಕ್ಷೇತ್ರ ಕತ್ತರಿಸುತ್ತದೆ, ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತಿನಿಂದಲೇ ತಿರುಗುವ ಬಲ ಬರುತ್ತದೆ. ಹೀಗೆ ಹಿಂದೆ ಬೀಳುವುದನ್ನು ಸ್ಲಿಪ್ ಎನ್ನುತ್ತಾರೆ. 1500ಕ್ಕೆ 60 ಸುತ್ತು ಹಿಂದೆ ಬಿದ್ದರೆ 1440, ಅಂದರೆ ನೂರಕ್ಕೆ ನಾಲ್ಕರಷ್ಟು ಸ್ಲಿಪ್. ನಮ್ಮ ದೇಶದಲ್ಲಿ 1440, 1450, 2880 ಎಂಬ ಸಂಖ್ಯೆಗಳು ಮೋಟಾರುಗಳ ಮೇಲೆ ಮತ್ತೆ ಮತ್ತೆ ಕಾಣುವುದಕ್ಕೆ ಕಾರಣ ಇದೇ. ಅಮೆರಿಕದಲ್ಲಿ ಲೈನು 60 ಹರ್ಟ್ಸ್ ಆದ್ದರಿಂದ ಅಲ್ಲಿನ ನಾಲ್ಕು ಧ್ರುವದ ಮೋಟಾರಿನ ಕ್ಷೇತ್ರ 1800 ಸುತ್ತು ತಿರುಗುತ್ತದೆ. ಅಲ್ಲಿನ ಪುಸ್ತಕದ ಲೆಕ್ಕಗಳಲ್ಲಿ 1750ರ ಆಸುಪಾಸಿನ ಸಂಖ್ಯೆಗಳು ಬರುವುದು ಅದಕ್ಕೇ.

ಹಾಗಾಗಿ ಲೆಕ್ಕದಲ್ಲಿ ಸುತ್ತಿನ ಸಂಖ್ಯೆ ಕೊಟ್ಟಿದ್ದರೆ ಶಾಫ್ಟಿನ ವೇಗಕ್ಕೆ ಅದನ್ನೇ ಹಿಡಿಯಿರಿ, ಹರ್ಟ್ಸನ್ನು ಮುಟ್ಟಬೇಡಿ. 314 ಲೈನಿನದು, 150.8 ಶಾಫ್ಟಿನದು. ಎರಡಕ್ಕೂ ω ಎಂಬ ಒಂದೇ ಅಕ್ಷರ ಬಳಸುವುದು ಪುಸ್ತಕಗಳ ರೂಢಿ; ಅದರಿಂದ ಮಕ್ಕಳಿಗೆ ಆಗುವ ತೊಂದರೆ ಸಣ್ಣದಲ್ಲ.

ಇದರ ಜೊತೆಗೆ ಇನ್ನೊಂದು ಮಿತಿಯನ್ನೂ ನೆನಪಿಡಬೇಕು. 49.7 ಎಂಬ ಟಾರ್ಕು ಮೋಟಾರು ಪೂರ್ತಿ ಹೊರೆ ಹೊತ್ತು 1440ರಲ್ಲಿ ತಿರುಗುವಾಗಿನದು. ರಾಗಿ ಸುರಿಯದೆ ಖಾಲಿ ತಿರುಗುವಾಗ ವೇಗ 1500ರ ಹತ್ತಿರ ಹೋಗುತ್ತದೆ, ಆದರೆ ಆಗ 7500 ವ್ಯಾಟನ್ನು ಆ ವೇಗದಿಂದ ಭಾಗಿಸಿ ಟಾರ್ಕು ಎಂದು ಬರೆದರೆ ತಪ್ಪು, ಏಕೆಂದರೆ ಆಗ ಶಾಫ್ಟು 7500 ವ್ಯಾಟ್ ಕೊಡುತ್ತಲೇ ಇರುವುದಿಲ್ಲ. ಸಾಮರ್ಥ್ಯವೂ ವೇಗವೂ ಒಂದೇ ಹೊತ್ತಿನವಾಗಿರಬೇಕು.

ಬೆಲ್ಟಿನ ವೇಗ ಕೇಳಿದರೆ ಲೆಕ್ಕ ಇನ್ನೂ ಸುಲಭ, ಮತ್ತು ಅದರಲ್ಲಿ ತಾಳೆ ನೋಡುವ ಅನುಕೂಲವೂ ಇದೆ. 150.8ನ್ನು 0.1 ಮೀಟರಿನಿಂದ ಗುಣಿಸಿದರೆ ಸೆಕೆಂಡಿಗೆ 15.08 ಮೀಟರ್. ರೇಡಿಯನ್ ಬಿಟ್ಟು ನೇರ ಎಣಿಸಿ ನೋಡಿ. ಪುಲ್ಲಿಯ ಪರಿಧಿ 0.628 ಮೀಟರ್, ಸೆಕೆಂಡಿಗೆ 24 ಸುತ್ತು; ಗುಣಿಸಿದರೆ ಅದೇ 15.08. ಗಂಟೆಗೆ 54 ಕಿಲೋಮೀಟರ್. ರಾಜ್ಯ ಹೆದ್ದಾರಿಯಲ್ಲಿ ಬಸ್ಸು ಓಡುವ ವೇಗದಲ್ಲಿ ಆ ಬೆಲ್ಟು ಗಿರಣಿಯ ಮೂಲೆಯಲ್ಲಿ ಓಡುತ್ತಿದೆ. ಬೆಲ್ಟಿಗೆ ಗಾರ್ಡ್ ಹಾಕಬೇಕು, ಸೀರೆಯ ಸೆರಗು, ಶಾಲು ಹತ್ತಿರ ಬರಬಾರದು ಎನ್ನುವುದು ಈ ಸಂಖ್ಯೆಯಿಂದಲೇ ಗೊತ್ತಾಗುತ್ತದೆ.

ತಪ್ಪಿನ ಬೆಲೆ ತೀರ ಹೆಚ್ಚಾಗುವುದು ವೇಗದ ವರ್ಗ ಬರುವ ಸೂತ್ರಗಳಲ್ಲಿ. ಅಂಚಿನ ಕಣವೊಂದು ನಡುವಿನ ಕಡೆಗೆ ಹೊಂದುವ ವೇಗೋತ್ಕರ್ಷ rω². ನಮ್ಮ ಪುಲ್ಲಿಗೆ ಅದು ಸುಮಾರು 2270, ಗುರುತ್ವದ 230 ಪಟ್ಟು. 1440ನ್ನು ಬದಲಿಸದೆ ವರ್ಗ ಮಾಡಿದರೆ 2,07,360 ಬರುತ್ತದೆ. ಮೊದಲ ಸಾಲಿನಲ್ಲಿ ಒಂಬತ್ತೂವರೆ ಪಟ್ಟು ಇದ್ದ ತಪ್ಪು ಇಲ್ಲಿ 91 ಪಟ್ಟಾಯಿತು. ಫ್ಲೈವೀಲಿನ ಚಲನಶಕ್ತಿ ½Iω² ಲೆಕ್ಕಕ್ಕೂ ಇದೇ ಗತಿ. ಹಾಗಾಗಿ ω² ಕಂಡಲ್ಲಿ ಮೊದಲು ω ಬೇರೆ ಸಾಲಿನಲ್ಲಿ ಬರೆದು, ಹತ್ತರಲ್ಲಿ ಒಂದಾಗಿದೆಯೇ ಎಂದು ನೋಡಿ, ಆಮೇಲೆ ವರ್ಗ ಮಾಡುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಮೋಟಾರು ತಯಾರಿಸುವವರು ತಗಡಿನ ಮೇಲೆ ಸೆಕೆಂಡಿಗೆ 150.8 ರೇಡಿಯನ್ ಎಂದು ಬರೆಯುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ಶಾಫ್ಟಿಗೆ ಹೊಳೆಯುವ ಒಂದು ಪಟ್ಟಿ ಅಂಟಿಸಿ ಟ್ಯಾಕೋಮೀಟರಿನ ಬೆಳಕು ಬಿಟ್ಟರೆ, ಯಂತ್ರ ಎಣಿಸುವುದು ಆ ಪಟ್ಟಿ ಎಷ್ಟು ಸಲ ಎದುರಿಗೆ ಬಂತು ಎಂಬುದನ್ನು. ಅದು ಸುತ್ತಿನ ಲೆಕ್ಕವೇ. ಪುಲ್ಲಿ ಬದಲಿಸಿ ಕಲ್ಲಿನ ವೇಗ ಇಳಿಸಬೇಕೆಂದಾಗಲೂ ಎರಡು ಪುಲ್ಲಿಗಳ ವ್ಯಾಸದ ಅನುಪಾತ ಸಾಕು, ಅಲ್ಲಿ 2π ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ. ವರ್ಕ್‌ಶಾಪಿನವರಿಗೆ ಸುತ್ತು ಸಹಜ, ಸೂತ್ರಕ್ಕೆ ರೇಡಿಯನ್ ಸಹಜ.

ಹಾಗಾದರೆ ವರ್ಕ್‌ಶಾಪಿನವರು ಟಾರ್ಕು ಹೇಗೆ ಲೆಕ್ಕ ಹಾಕುತ್ತಾರೆ? ಅವರ ಕೈಪಿಡಿಗಳಲ್ಲಿ ಒಂದು ಸೂತ್ರವಿರುತ್ತದೆ.

τ = 9550 × kW / rpm

7.5ನ್ನು 9550ರಿಂದ ಗುಣಿಸಿ 1440ರಿಂದ ಭಾಗಿಸಿ. 49.7. ಅದೇ ಉತ್ತರ! ರೇಡಿಯನ್ ಎಲ್ಲಿಯೂ ಕಾಣಲಿಲ್ಲ, ಆದರೂ ಉತ್ತರ ಸರಿಬಂತು. ಆ 9550 ಬಿಚ್ಚಿ ನೋಡಿದರೆ ಒಳಗೆ ಮೂರು ಸಂಖ್ಯೆಗಳಿವೆ: ಕಿಲೋವ್ಯಾಟನ್ನು ವ್ಯಾಟು ಮಾಡುವ 1000, ನಿಮಿಷವನ್ನು ಸೆಕೆಂಡು ಮಾಡುವ 60, ಸುತ್ತನ್ನು ರೇಡಿಯನ್ ಮಾಡುವ 2π. 1000 ಗುಣಿಸು 60 ಭಾಗಿಸು 2π, ಅಂದರೆ 9549.3. ಅದನ್ನೇ 9550 ಎಂದು ದುಂಡಗೆ ಮಾಡಿದ್ದಾರೆ. ರೇಡಿಯನ್ ಎಂಬ ಮಾತನ್ನೇ ಕೇಳದ ಫಿಟ್ಟರು ಕೂಡ ದಿನವೂ ಅದನ್ನು ಬಳಸುತ್ತಿದ್ದಾರೆ.

ಈ ಸೂತ್ರಕ್ಕೆ ಒಂದೇ ನಿಬಂಧನೆ: ಸಾಮರ್ಥ್ಯ ಕಿಲೋವ್ಯಾಟಿನಲ್ಲೇ ಇರಬೇಕು. ತಗಡಿನ ಮೇಲೆ 10 ಎಚ್‌ಪಿ ದೊಡ್ಡದಾಗಿ ಕಂಡಿತೆಂದು 7.5ರ ಜಾಗದಲ್ಲಿ 10 ಹಾಕಿದರೆ ಟಾರ್ಕು 66.3 ಬರುತ್ತದೆ, ಮೂರನೆಯ ಒಂದು ಪಾಲು ಹೆಚ್ಚು. ಆ ಸಂಖ್ಯೆ ನಂಬಿ ಬೆಲ್ಟು, ಕೀ, ಕಪ್ಲಿಂಗು ತಂದರೆ ಬರೀ ದುಂದು.

ಪಿಯುಸಿ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು. 9550ನ್ನು ಉತ್ತರ ತಾಳೆ ನೋಡಲು ಧಾರಾಳವಾಗಿ ಬಳಸಿ, ಆದರೆ ಉತ್ತರಪತ್ರಿಕೆಯಲ್ಲಿ ω = 2πN/60 ಎಂಬ ಸಾಲನ್ನು ಬರೆದು, ಸಂಖ್ಯೆ ಹಾಕಿ, ಮಾನ ಬರೆದು ಮುಂದೆ ಹೋಗಿ. ಸುತ್ತನ್ನು ಸುತ್ತಿನಲ್ಲೇ ಕೇಳಿದ್ದರೆ ನೇರ ಸರಾಸರಿ ಹಿಡಿದು ಇನ್ನೊಮ್ಮೆ ಬಿಡಿಸಿ ನೋಡಿ. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ಅದರ ಕೆಳಗೆ ಧೈರ್ಯವಾಗಿ ಗೆರೆ ಎಳೆಯಿರಿ.